ಪದೇ ಪದೇ ತಡವಾಗಿ ಬರುವವರಿಗೆ ಎಚ್ಚರಿಕೆ ಪತ್ರ ಬರೆಯುವುದು ಹೇಗೆ?

ನಾನು ಬರೆದ ಮೊದಲ ಎಚ್ಚರಿಕೆ ಪತ್ರದಲ್ಲಿ ಒಂದೇ ಒಂದು ತಾರೀಖೂ ಇರಲಿಲ್ಲ. ‘ನೀವು ಯಾವಾಗಲೂ ತಡವಾಗಿ ಬರುತ್ತೀರಿ, ಹಲವು ಸಲ ಹೇಳಿದರೂ ತಿದ್ದಿಕೊಂಡಿಲ್ಲ’ ಎಂದು ಬರೆದಿದ್ದೆ. ಪತ್ರ ಕೈಗೆ ತೆಗೆದುಕೊಂಡವರು ಓದಿ ನೋಡಿ, ‘ಯಾವತ್ತು ಸರ್?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ತಡವಾಗಿ ಬರುತ್ತಿದ್ದದ್ದು ನಿಜ. ಆದರೆ ಆ ಕೋಣೆಯಲ್ಲಿ ಅವತ್ತು ತಪ್ಪು ಮಾಡಿದವನ ಹಾಗೆ ಕೂತಿದ್ದು ನಾನು.

ಆಮೇಲೆ ಬರೆದ ಪ್ರತಿ ಪತ್ರವನ್ನೂ ಒಂದು ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ. ನನ್ನನ್ನೂ ಆ ಉದ್ಯೋಗಿಯನ್ನೂ ನೋಡಿಯೇ ಇರದ ಮೂರನೆಯವರು ಆರು ತಿಂಗಳ ನಂತರ ಈ ಹಾಳೆ ಎತ್ತಿಕೊಂಡರೆ, ಏನಾಯಿತು, ಏನು ಹೇಳಿದೆವು, ಇನ್ನು ಮುಂದೆ ಏನು ಆಗಬೇಕು ಎನ್ನುವುದು ಅವರಿಗೆ ಗೊತ್ತಾಗುತ್ತದಾ? ಗೊತ್ತಾಗದಿದ್ದರೆ ಪತ್ರ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.

ಇಲ್ಲಿ ಒಂದೇ ಪ್ರಕರಣವನ್ನು ಮೊದಲಿನಿಂದ ಕೊನೆವರೆಗೆ ಬಿಡಿಸಿ ತೋರಿಸುತ್ತೇನೆ. ಒಂದು ದುರಸ್ತಿ ಕೇಂದ್ರದ ಸ್ಟೋರ್ ಕೌಂಟರ್. ಬೆಳಗ್ಗೆ 9ಕ್ಕೆ ಬೀಗ ತೆಗೆದು ಬಿಡಿಭಾಗಗಳನ್ನು ಕೊಡಬೇಕಾದವರು ಒಬ್ಬರು. ಅವರು ಬರುವವರೆಗೆ ಆರು ಜನ ಟೆಕ್ನಿಷಿಯನ್‌ಗಳು ಸುಮ್ನೆ ನಿಂತಿರುತ್ತಾರೆ. ಹೆಸರು ಬೇಡ, ‘ಸ್ಟೋರ್ ಸಹಾಯಕರು’ ಎಂದಿರಲಿ.

ಮೊದಲು ತಾರೀಖುಗಳನ್ನು ಜರಡಿ ಹಿಡಿಯಿರಿ

ಪತ್ರದ ಮುಕ್ಕಾಲು ಪಾಲು ಕೆಲಸ ಇಲ್ಲೇ ಇರುವುದು. ಹಾಜರಿ ಯಂತ್ರದಿಂದ ಪಟ್ಟಿ ತೆಗೆದಾಗ 2025ರ ಮಾರ್ಚ್‌ನಲ್ಲಿ ಏಳು ದಿನ ತಡ ಎಂದು ತೋರಿಸಿತು: 3, 6, 10, 13, 17, 20, 24. ಏಳನ್ನೂ ಹಾಗೇ ಪತ್ರಕ್ಕೆ ಇಳಿಸಿಬಿಡೋಣ ಅನಿಸುತ್ತದೆ. ಹಾಗೆ ಮಾಡಬೇಡಿ. ಒಂದೊಂದು ತಾರೀಖನ್ನೂ ಬೇರೆಯಾಗಿ ನೋಡಿ.

ನಾವು ಮೊದಲು ಯಂತ್ರದ ಗಡಿಯಾರವನ್ನೇ ಪರೀಕ್ಷೆ ಮಾಡಿದೆವು. ಅದು 4 ನಿಮಿಷ ಮುಂದೆ ಓಡುತ್ತಿತ್ತು. ಹಾಗಾಗಿ ಪಟ್ಟಿಯ ಎಲ್ಲ ಸಮಯದಿಂದಲೂ 4 ನಿಮಿಷ ಕಳೆದೆವು. 13ನೇ ತಾರೀಖು ಯಂತ್ರ 9:12 ಎಂದಿತ್ತು. ಕಳೆದ ಮೇಲೆ 9:08 ಆಯಿತು. ಅಲ್ಲಿ ಎಲ್ಲರಿಗೂ 10 ನಿಮಿಷದ ವಿನಾಯಿತಿ ಇದ್ದದ್ದರಿಂದ ಆ ದಿನ ಪಟ್ಟಿಯಿಂದ ಹೊರಗೆ ಹೋಯಿತು. 20ನೇ ತಾರೀಖಿನ ವಿಷಯ ಬೇರೆ. ಅವತ್ತು ಮೇಲ್ವಿಚಾರಕರೇ ಹಿಂದಿನ ಸಂಜೆ ಫೋನ್ ಮಾಡಿ, ‘ಬರುವಾಗ ಪಾರ್ಸೆಲ್ ತಗೊಂಡು ಬನ್ನಿ’ ಎಂದಿದ್ದರಂತೆ. ಪಾರ್ಸೆಲ್ ರಸೀದಿಯಲ್ಲಿ ಅದೇ ದಿನದ ಬೆಳಗಿನ ಸಮಯ ಇತ್ತು. ಅದೂ ಹೊರಗೆ.

ಉಳಿದದ್ದು ಐದು. ಏಳಕ್ಕಿಂತ ಐದು ಕಡಿಮೆ, ಆದರೆ ಈ ಐದನ್ನು ಯಾರೂ ಅಲುಗಾಡಿಸಲು ಆಗುವುದಿಲ್ಲ. ಪಟ್ಟಿಯಲ್ಲಿ ಒಂದೇ ಒಂದು ತಾರೀಖು ತಪ್ಪಿದ್ದರೂ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ. ಉಳಿದ ನಿಜವಾದ ತಾರೀಖುಗಳ ಮೇಲೂ ಅನುಮಾನ ಬರುತ್ತದೆ. ಸಂಶಯ ಇರುವ ದಿನವನ್ನು ಬಿಟ್ಟುಬಿಡಿ, ನಷ್ಟವಿಲ್ಲ.

ಎಷ್ಟು ನಿಮಿಷ ತಡ ಎಂದು ಲೆಕ್ಕ ಹಾಕುವಾಗ ಕೆಲಸ ಶುರುವಾಗುವ ಸಮಯದಿಂದಲೇ ಎಣಿಸಿ, ವಿನಾಯಿತಿ ಮುಗಿಯುವ ಸಮಯದಿಂದ ಅಲ್ಲ. 9:10ರವರೆಗೆ ಬಂದವರನ್ನು ಸಹಿಸಿಕೊಳ್ಳುತ್ತೇವೆ ಅಷ್ಟೇ, ಕೆಲಸದ ಸಮಯ 9:00. ಇದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಆಮೇಲೆ ವಾದ ಇರುವುದಿಲ್ಲ.

ಉಳಿದವರ ಹಾಜರಿಯನ್ನೂ ನೋಡಿ

ಅದೇ ವಿಭಾಗದ ಬೇರೆಯವರ ಅದೇ ತಿಂಗಳ ಪಟ್ಟಿಯನ್ನೂ ತೆಗೆಯಿರಿ. ನಮ್ಮ ಪ್ರಕರಣದಲ್ಲಿ ಇನ್ನೊಬ್ಬರಿಗೆ ನಾಲ್ಕು ಲೇಟ್ ಮಾರ್ಕ್ ಇತ್ತು. ಆದರೆ ಅವರ ಜೊತೆ ಯಾರೂ ಒಂದು ಮಾತೂ ಆಡಿರಲಿಲ್ಲ. ಅವರನ್ನೂ ಅದೇ ವಾರ ಕರೆದು ಮಾತಾಡಿದೆವು. ಒಬ್ಬರಿಗೆ ಪತ್ರ, ಇನ್ನೊಬ್ಬರಿಗೆ ಏನೂ ಇಲ್ಲ ಎಂದಾದರೆ ಪತ್ರದ ಒಳಗೆ ಬರೆದದ್ದೆಲ್ಲ ನಿಜವಾಗಿದ್ದರೂ ಅದು ನ್ಯಾಯ ಅನಿಸಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಹೊಳೆಯುವುದೇ ಇಲ್ಲ. ವರ್ಷವಿಡೀ ಎಲ್ಲರೂ 9:20, 9:30ಕ್ಕೆ ಬರುತ್ತಿದ್ದು ನೀವು ನೋಡಿಯೂ ಸುಮ್ಮನಿದ್ದರೆ, ಅಲ್ಲಿನ ನಿಜವಾದ ಸಮಯ 9:30 ಎಂದು ನೀವೇ ಒಪ್ಪಿಕೊಂಡ ಹಾಗೆ. ಆಗ ಒಬ್ಬರ ಮೇಲೆ ದಿಢೀರ್ ಪತ್ರ ಹೊರಡಿಸಬೇಡಿ. ಎಲ್ಲರಿಗೂ ಒಂದು ಸೂಚನೆ ಹೊರಡಿಸಿ: ‘ಇಂಥ ತಾರೀಖಿನಿಂದ 9:00ರ ನಿಯಮ ಪಾಲನೆಯಾಗಬೇಕು.’ ಆ ತಾರೀಖಿನ ನಂತರದ ದಿನಗಳನ್ನು ಮಾತ್ರ ಎಣಿಸಿ.

ಪತ್ರಕ್ಕೆ ಮೊದಲು ಮಾತು

ಮಾರ್ಚ್ 10ಕ್ಕೆ ಮೂರನೇ ಸಲ ತಡವಾದ ಮೇಲೆ, 11ಕ್ಕೆ ಸ್ಟೋರ್ ಸಹಾಯಕರನ್ನು ಕರೆದು ಕೂರಿಸಿದೆವು. ಪತ್ರದ ಮಾತೇ ಇರಲಿಲ್ಲ ಅವತ್ತು. ‘ಮೂರು ದಿನ ಲೇಟ್ ಆಗಿದೆ, ಏನು ಸಮಸ್ಯೆ?’ ಎಂದಷ್ಟೇ ಕೇಳಿದೆವು.

ಅವರು ಹೇಳಿದ್ದು: ‘ಸೋಮವಾರ, ಗುರುವಾರ ನಮ್ಮ ಮನೆಯವರಿಗೆ ಬೇಗ ಶಿಫ್ಟ್ ಸರ್. ಮಗೂನ ನಾನೇ ಬಿಟ್ಟು ಬರಬೇಕು.’

ಪಟ್ಟಿ ನೋಡಿದರೆ ಅದು ಸರಿಯಾಗೇ ಇತ್ತು. 3 ಸೋಮವಾರ, 6 ಗುರುವಾರ, 10 ಸೋಮವಾರ. ತಾರೀಖಿನ ಪಕ್ಕ ವಾರ ಬರೆದುಕೊಳ್ಳುವುದರ ಉಪಯೋಗ ಇದೇ. ಕಾರಣ ಅಲ್ಲೇ ಕಾಣಿಸುತ್ತದೆ. ಸುಳ್ಳು ಹೇಳುತ್ತಿದ್ದರೂ ಅಲ್ಲೇ ಕಾಣಿಸುತ್ತದೆ.

ಅವತ್ತು ಒಂದು ಒಪ್ಪಂದ ಮಾಡಿಕೊಂಡೆವು. ಮುಂದಿನ ವಾರ ಯಾವ ದಿನ ತಡವಾಗಬಹುದು ಎಂದು ಅವರು ಶನಿವಾರ ಸಂಜೆಯೊಳಗೆ ಹೇಳಬೇಕು. ಹೇಳಿದರೆ ಆ ದಿನ ಜೊತೆಯವರು ಬೀಗ ತೆಗೆಯುತ್ತಾರೆ, ಇವರು 9:30ಕ್ಕೆ ಬಂದು ಸಂಜೆ ಅರ್ಧ ಗಂಟೆ ಜಾಸ್ತಿ ಇರುತ್ತಾರೆ. ಮಾತು ಮುಗಿದ ಮೇಲೆ ನಾಲ್ಕು ಸಾಲಿನ ಇಮೇಲ್ ಕಳಿಸಿದೆವು: ಯಾವತ್ತು ಮಾತಾಡಿದೆವು, ಏನು ಒಪ್ಪಿದೆವು. ಬಾಯಿಮಾತಿನ ಎಚ್ಚರಿಕೆಯನ್ನೂ ಹೀಗೆ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ‘ಮೊದಲೇ ಹೇಳಿದ್ದೆವು’ ಎಂಬ ಸಾಲಿಗೆ ಆಧಾರ ಇರುವುದಿಲ್ಲ.

17ರಂದೂ 24ರಂದೂ ಅವರು ಮುಂಚೆ ಹೇಳಲಿಲ್ಲ, ತಡವಾಗಿ ಬಂದರು. 25ಕ್ಕೆ ಮತ್ತೆ ಕರೆದು ತಾರೀಖುಗಳನ್ನು ಮುಂದಿಟ್ಟು ಕೇಳಿದೆವು. ‘ಹೇಳೋದು ಮರೆತೆ’ ಎಂದರು. ಪತ್ರ ಬರೆಯಬೇಕು ಎಂದು ತೀರ್ಮಾನ ಆಗಿದ್ದು ಆಗ. ಕಾರಣ ಕೇಳಿಯಾಗಿದೆ, ದಾರಿ ಮಾಡಿಕೊಟ್ಟಾಗಿದೆ, ಆ ದಾರಿಯನ್ನು ಅವರು ಬಳಸಿಲ್ಲ.

ಕಾರಣ ಬೇರೆಯಾಗಿದ್ದರೆ ತೀರ್ಮಾನವೂ ಬೇರೆ. ಕಾಯಿಲೆ, ಚಿಕಿತ್ಸೆ, ಗರ್ಭಿಣಿ, ಅಂಗವೈಕಲ್ಯ, ಮನೆಯಲ್ಲಿ ಹಿಂಸೆ ಇಂಥದ್ದೇನಾದರೂ ಕಿವಿಗೆ ಬಿದ್ದರೆ ಪತ್ರವನ್ನು ಅಲ್ಲೇ ನಿಲ್ಲಿಸಿ. ಕೆಲಸದ ಸಮಯ ಹೊಂದಿಸಲು ಆಗುತ್ತದಾ ನೋಡಿ. ನಿಮ್ಮಲ್ಲಿನ ಕಾರ್ಮಿಕ ಕಾನೂನು ತಿಳಿದವರನ್ನು ಕೇಳಿಯೇ ಮುಂದೆ ಹೋಗಿ.

ನೇಮಕಾತಿ ಪತ್ರವನ್ನೂ ಸಂಸ್ಥೆಯ ಶಿಸ್ತು ನಿಯಮವನ್ನೂ ಈ ಹೊತ್ತಿಗೆ ತೆರೆದಿಟ್ಟುಕೊಳ್ಳಿ. ಕೆಲಸದ ಸಮಯ ಎಲ್ಲಿ ಬರೆದಿದೆ, ಮೊದಲ ಎಚ್ಚರಿಕೆಯ ನಂತರದ ಹಂತ ಯಾವುದು, ಪತ್ರಕ್ಕೆ ಸಹಿ ಹಾಕುವ ಅಧಿಕಾರ ಯಾರಿಗೆ ಎಂದು ನೋಡಿಕೊಳ್ಳಿ. ಅಲ್ಲಿ ಇಲ್ಲದ ಹಂತವನ್ನು ನೀವು ಹುಟ್ಟುಹಾಕುವ ಹಾಗಿಲ್ಲ.

ಪತ್ರ

ಕೊನೆಯ ಸಲ ತಡವಾದ ಕೆಲವೇ ದಿನಗಳಲ್ಲಿ ಪತ್ರ ಕೊಡಿ. ನಾವು ಕೊಟ್ಟದ್ದು ಮೂರನೇ ದಿನ. ಅದು ಹೀಗಿತ್ತು:

> ದಿನಾಂಕ: 27 ಮಾರ್ಚ್ 2025
>
> ಗೆ: ಶ್ರೀ ________, ಸ್ಟೋರ್ ಸಹಾಯಕರು
>
> ವಿಷಯ: ಕೆಲಸಕ್ಕೆ ತಡವಾಗಿ ಬರುತ್ತಿರುವ ಬಗ್ಗೆ ಮೊದಲ ಲಿಖಿತ ಎಚ್ಚರಿಕೆ
>
> ನಿಮ್ಮ ನೇಮಕಾತಿ ಪತ್ರದ ಪ್ರಕಾರ ನಿಮ್ಮ ಕೆಲಸ ಬೆಳಗ್ಗೆ 9:00ಕ್ಕೆ ಶುರುವಾಗುತ್ತದೆ. 9:10ರವರೆಗೆ ಬಂದರೆ ತಡ ಎಂದು ದಾಖಲಿಸುವುದಿಲ್ಲ. ಕೆಳಗಿನ ದಿನಗಳಲ್ಲಿ ನೀವು ಅದಕ್ಕಿಂತ ತಡವಾಗಿ ಬಂದಿದ್ದೀರಿ. ನಿಮಿಷಗಳನ್ನು 9:00ರಿಂದ ಎಣಿಸಲಾಗಿದೆ.
>
> 3 ಮಾರ್ಚ್, ಸೋಮವಾರ: 9:35 (35 ನಿಮಿಷ)
> 6 ಮಾರ್ಚ್, ಗುರುವಾರ: 9:22 (22 ನಿಮಿಷ)
> 10 ಮಾರ್ಚ್, ಸೋಮವಾರ: 9:40 (40 ನಿಮಿಷ)
> 17 ಮಾರ್ಚ್, ಸೋಮವಾರ: 9:28 (28 ನಿಮಿಷ)
> 24 ಮಾರ್ಚ್, ಸೋಮವಾರ: 9:45 (45 ನಿಮಿಷ)
>
> ಒಟ್ಟು 170 ನಿಮಿಷ. ಈ ಸಮಯದಲ್ಲಿ ಸ್ಟೋರ್ ಕೌಂಟರ್ ಮುಚ್ಚಿತ್ತು, ಟೆಕ್ನಿಷಿಯನ್‌ಗಳಿಗೆ ಬಿಡಿಭಾಗ ಸಿಗಲಿಲ್ಲ.
>
> ಮಾರ್ಚ್ 11ರಂದು ಈ ಬಗ್ಗೆ ನಿಮ್ಮ ಜೊತೆ ಮಾತಾಡಿದೆವು. ಸೋಮವಾರ ಮತ್ತು ಗುರುವಾರ ಮಗುವನ್ನು ಬಿಟ್ಟು ಬರಬೇಕಾಗುತ್ತದೆ ಎಂದು ತಿಳಿಸಿದಿರಿ. ಹಿಂದಿನ ಶನಿವಾರ ಸಂಜೆಯೊಳಗೆ ತಿಳಿಸಿದರೆ ಆ ದಿನಗಳಲ್ಲಿ 9:30ಕ್ಕೆ ಬರಬಹುದು, ಸಂಜೆ ಅರ್ಧ ಗಂಟೆ ಹೆಚ್ಚು ಕೆಲಸ ಮಾಡಬೇಕು ಎಂದು ಒಪ್ಪಿಕೊಂಡೆವು. 17 ಮತ್ತು 24ರಂದು ನೀವು ಮೊದಲೇ ತಿಳಿಸಲಿಲ್ಲ. ಮಾರ್ಚ್ 25ರಂದು ಕೇಳಿದಾಗ ಮರೆತೆ ಎಂದು ಹೇಳಿದಿರಿ. ನಿಮ್ಮ ಮಾತನ್ನು ಪರಿಗಣಿಸಿದ್ದೇವೆ. ಆದರೆ ಒಪ್ಪಿದ ವ್ಯವಸ್ಥೆ ಇದ್ದೂ ಬಳಸದಿರುವುದರಿಂದ ಈ ಎಚ್ಚರಿಕೆ ನೀಡುತ್ತಿದ್ದೇವೆ.
>
> ಮಾರ್ಚ್ 3, 6 ಮತ್ತು 10ರ ತಡಕ್ಕೆ ನಿಯಮದಂತೆ ಅರ್ಧ ದಿನದ ರಜೆ ಈಗಾಗಲೇ ಕಡಿತವಾಗಿದೆ. ಆ ದಿನಗಳನ್ನು ಹಿನ್ನೆಲೆಗಾಗಿ ಮಾತ್ರ ಇಲ್ಲಿ ಬರೆದಿದ್ದೇವೆ.
>
> ಮಾರ್ಚ್ 28ರಿಂದ ಜೂನ್ 27ರವರೆಗೆ ನಿಮ್ಮಿಂದ ನಿರೀಕ್ಷಿಸುವುದು:
> 9:00ಕ್ಕೆ ಕೌಂಟರ್ ಬೀಗ ತೆಗೆದು ಸಾಮಾನು ಕೊಡಲು ಸಿದ್ಧರಿರಬೇಕು.
> ಸೋಮವಾರ, ಗುರುವಾರದ ವ್ಯವಸ್ಥೆ ಬೇಕಿದ್ದರೆ ಹಿಂದಿನ ಶನಿವಾರ ಸಂಜೆ 5ರೊಳಗೆ ಮೇಲ್ವಿಚಾರಕರಿಗೆ ತಿಳಿಸಬೇಕು.
> ಆಕಸ್ಮಿಕವಾಗಿ ತಡವಾಗುವಂತಿದ್ದರೆ ಬೆಳಗ್ಗೆ 8:30ರೊಳಗೆ ಮೇಲ್ವಿಚಾರಕರಿಗೇ ಫೋನ್ ಮಾಡಬೇಕು.
>
> ಏಪ್ರಿಲ್ 29ರಂದು ನಿಮ್ಮ ಜೊತೆ ಕೂತು ಹಾಜರಿಯನ್ನು ನೋಡುತ್ತೇವೆ. ಈ ಅವಧಿಯಲ್ಲಿ ತಿಳಿಸದೆ ಮತ್ತೆ ತಡವಾಗಿ ಬಂದರೆ, ನಿಮ್ಮ ವಿವರಣೆ ಕೇಳಿದ ನಂತರ, ಸಂಸ್ಥೆಯ ನಿಯಮದಂತೆ ಮುಂದಿನ ಹಂತವಾದ ಎರಡನೇ ಲಿಖಿತ ಎಚ್ಚರಿಕೆ ನೀಡಬಹುದು.
>
> ಈ ಪತ್ರದಲ್ಲಿ ಏನಾದರೂ ತಪ್ಪಿದೆ ಎನಿಸಿದರೆ ಏಪ್ರಿಲ್ 3ರೊಳಗೆ ಲಿಖಿತವಾಗಿ ತಿಳಿಸಿ. ನಿಮ್ಮ ಉತ್ತರವನ್ನು ಈ ಪತ್ರದ ಜೊತೆಗೇ ಇಡುತ್ತೇವೆ.
>
> ಸಹಿ, ಹೆಸರು, ಹುದ್ದೆ
>
> ಪ್ರತಿ ತಲುಪಿದೆ. (ಈ ಸಹಿ ಪತ್ರ ತಲುಪಿದ್ದಕ್ಕೆ ಮಾತ್ರ, ವಿಷಯವನ್ನು ಒಪ್ಪಿದ್ದಕ್ಕೆ ಅಲ್ಲ.)
> ಉದ್ಯೋಗಿಯ ಸಹಿ, ದಿನಾಂಕ

ಈ ಪತ್ರದಲ್ಲಿ ಯಾಕೆ ಹೀಗೆ

‘ಬೇಜವಾಬ್ದಾರಿ’, ‘ಸೋಮಾರಿತನ’, ‘ಅಶಿಸ್ತು’ ಇಂಥ ಮಾತು ಎಲ್ಲೂ ಇಲ್ಲ, ನೋಡಿ. ಮೊದಲ ಕರಡಿನಲ್ಲಿ ‘ನಿಮ್ಮ ನಿರ್ಲಕ್ಷ್ಯದಿಂದ’ ಎಂದಿತ್ತು, ತೆಗೆದೆ. ನಿರ್ಲಕ್ಷ್ಯ ಎನ್ನುವುದು ನನ್ನ ಊಹೆ. 9:45 ಎನ್ನುವುದು ನಡೆದದ್ದು. ನಡೆದದ್ದನ್ನು ಬರೆದರೆ ಅವರು ಒಪ್ಪಲೇಬೇಕು. ಸ್ವಭಾವದ ಬಗ್ಗೆ ಬರೆದರೆ ಅವರು ಜಗಳಕ್ಕೇ ಬರಬೇಕು, ಬೇರೆ ದಾರಿ ನಾವೇ ಬಿಟ್ಟಿರುವುದಿಲ್ಲ. ‘ಯಾವಾಗಲೂ’, ‘ಎಷ್ಟು ಸಲ ಹೇಳಿದರೂ’ ಎನ್ನುವವೂ ಅಷ್ಟೇ. ತಾರೀಖು ಇದ್ದಾಗ ಅವು ಬೇಕಾಗುವುದಿಲ್ಲ.

ಬೇರೆ ದೂರುಗಳನ್ನೂ ಸೇರಿಸಿಲ್ಲ. ಅವರ ಸ್ಟಾಕ್ ರಿಜಿಸ್ಟರ್‌ನಲ್ಲೂ ಒಂದೆರಡು ತಪ್ಪಿದ್ದವು. ‘ಹೇಗೂ ಬರೀತಿದ್ದೀರಲ್ಲ, ಅದನ್ನೂ ಹಾಕಿಬಿಡಿ’ ಎಂದು ಮೇಲ್ವಿಚಾರಕರು ಹೇಳಿದರು. ನಾನು ಒಪ್ಪಲಿಲ್ಲ. ಎರಡು ವಿಷಯ ಸೇರಿದರೆ, ಹೇಗಾದರೂ ತಪ್ಪು ಹುಡುಕಲು ಕೂತಿದ್ದಾರೆ ಎಂದು ಓದುವವರಿಗೆ ಅನಿಸುತ್ತದೆ. ರಿಜಿಸ್ಟರ್ ವಿಷಯವನ್ನು ಬೇರೆ ದಿನ, ಬೇರೆಯಾಗಿ ಮಾತಾಡಿದರಾಯಿತು.

ರಜೆ ಕಡಿತದ ಸಾಲು ನನಗೆ ತುಂಬ ಮುಖ್ಯ. ಕೆಲವು ಕಡೆ ಮೂರು ಲೇಟ್ ಮಾರ್ಕಿಗೆ ಅರ್ಧ ದಿನದ ರಜೆ ಹೋಗುವ ನಿಯಮ ಇರುತ್ತದೆ. ರಜೆ ಕಡಿದು, ಅದನ್ನು ಮುಚ್ಚಿಟ್ಟು, ಅದೇ ಮೂರು ದಿನಕ್ಕೆ ಮತ್ತೆ ಎಚ್ಚರಿಕೆ ಕೊಟ್ಟರೆ ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಟ್ಟ ಹಾಗಾಗುತ್ತದೆ. ಕಡಿತ ಆಗಿದೆ ಎಂದು ನಾವೇ ಬರೆದೆವು. ಎಚ್ಚರಿಕೆ ನಿಂತಿರುವುದು 11ರ ಒಪ್ಪಂದದ ನಂತರದ ಎರಡು ದಿನಗಳ ಮೇಲೆ ಎಂದೂ ಸ್ಪಷ್ಟ ಮಾಡಿದೆವು. ನಿಮ್ಮಲ್ಲಿ ಇಂಥ ನಿಯಮ ಇಲ್ಲದಿದ್ದರೆ ಈ ಸಾಲು ಬೇಕಿಲ್ಲ.

ನಿರೀಕ್ಷೆಯ ಭಾಗದಲ್ಲಿ ‘ಸಮಯಪಾಲನೆ ಮಾಡಬೇಕು’ ಎಂದು ಬರೆದರೆ ಅದಕ್ಕೆ ಅಳತೆಯೇ ಇಲ್ಲ. ಗೇಟಿನಲ್ಲಿ 9:00ಕ್ಕೆ ಬೆರಳು ಒತ್ತಿ, ಚಹಾ ಕುಡಿದು 9:20ಕ್ಕೆ ಬೀಗ ತೆಗೆದರೂ ಸಮಯಪಾಲನೆ ಆಯಿತು ಅಲ್ವಾ? ಅದಕ್ಕೇ ‘ಬೀಗ ತೆಗೆದು ಸಾಮಾನು ಕೊಡಲು ಸಿದ್ಧರಿರಬೇಕು’ ಎಂದು ಬರೆದದ್ದು. ಫೋನ್ ವಿಷಯದಲ್ಲೂ ಯಾರಿಗೆ, ಎಷ್ಟು ಹೊತ್ತಿನೊಳಗೆ ಎಂದು ಹೇಳಬೇಕು. ಇಲ್ಲದಿದ್ದರೆ ‘ಜೊತೆಯವರಿಗೆ ಮೆಸೇಜ್ ಹಾಕಿದ್ದೆನಲ್ಲ’ ಎನ್ನುವ ಉತ್ತರ ಬರುತ್ತದೆ. ಅದರಲ್ಲಿ ಅವರ ತಪ್ಪೂ ಇರುವುದಿಲ್ಲ.

ಮುಂದೇನು ಎಂಬ ಸಾಲಿನಲ್ಲಿ ಕೆಲಸದಿಂದ ತೆಗೆಯುವ ಮಾತಿಲ್ಲ. ಅಲ್ಲಿನ ನಿಯಮದಲ್ಲಿ ಮುಂದಿನ ಹಂತ ಎರಡನೇ ಎಚ್ಚರಿಕೆ. ಹಾಗಾಗಿ ಅಷ್ಟನ್ನೇ ಬರೆದೆವು. ಮಾಡಲಾಗದ ಬೆದರಿಕೆ ಬರೆದರೆ ನೀವು ಅದನ್ನು ಮಾಡುವುದಿಲ್ಲ ಎಂದು ಅವರಿಗೂ ಗೊತ್ತಾಗುತ್ತದೆ, ಪಕ್ಕದವರಿಗೂ ಗೊತ್ತಾಗುತ್ತದೆ. ‘ನೀಡಲಾಗುವುದು’ ಎನ್ನದೆ ‘ನೀಡಬಹುದು’ ಎಂದದ್ದೂ ಬೇಕೆಂದೇ. ಮುಂದಿನ ಸಲ ನಿಜವಾದ ಕಾರಣ ಇದ್ದರೆ ಕೇಳಿಸಿಕೊಳ್ಳಲು ಜಾಗ ಬೇಕಲ್ಲ.

ಕೊಡುವಾಗ

ಬಾಗಿಲು ಹಾಕಿದ ಕೋಣೆಯಲ್ಲಿ ಕೊಡಿ. ಸಂಬಂಧಪಟ್ಟ ಇನ್ನೊಬ್ಬರು ಜೊತೆಗಿರಲಿ, ಉದ್ಯೋಗಿಗೂ ತಮ್ಮವರೊಬ್ಬರು ಇರಲಿ ಅನಿಸಿದರೆ ಕರೆದುಕೊಂಡು ಬರಲಿ. ಮೇಜಿನ ಮೇಲಿಟ್ಟು ಹೋಗುವುದು, ಗುಂಪಿನ ವಾಟ್ಸಾಪ್‌ಗೆ ಹಾಕುವುದು, ನೋಟಿಸ್ ಬೋರ್ಡಿಗೆ ಅಂಟಿಸುವುದು ಇವೆಲ್ಲ ಅವಮಾನ ಮಾಡಿದ ಹಾಗೆ. ಅವರು ಓದುವ ಭಾಷೆಯಲ್ಲೇ ಪತ್ರ ಇರಲಿ. ಓದಲು ಹತ್ತು ನಿಮಿಷ ಬಿಡಿ. ನೀವೇ ಗಟ್ಟಿಯಾಗಿ ಓದಿ ಹೇಳಬೇಡಿ, ಅವರು ಕೇಳಿದರೆ ಮಾತ್ರ ಓದಿ.

ಎರಡು ಪ್ರತಿ ಇರಲಿ. ಒಂದು ಅವರಿಗೆ, ಸಹಿಯಾದದ್ದು ಕಡತಕ್ಕೆ. ಸಹಿ ಹಾಕುವುದಿಲ್ಲ ಎಂದರೆ ಒತ್ತಾಯ ಬೇಡ. ‘ಇಂಥ ದಿನ ಇಷ್ಟು ಗಂಟೆಗೆ ಪತ್ರ ಕೊಡಲಾಯಿತು, ಸಹಿ ಹಾಕಲು ಒಪ್ಪಲಿಲ್ಲ’ ಎಂದು ನಿಮ್ಮ ಪ್ರತಿಯ ಮೇಲೆ ಬರೆದು, ಅಲ್ಲಿದ್ದವರ ಸಹಿ ತೆಗೆದುಕೊಳ್ಳಿ. ಅದೇ ದಿನ ಇಮೇಲ್ ಅಥವಾ ಅಂಚೆಯಲ್ಲೂ ಕಳಿಸಿ. ನಮ್ಮ ಸ್ಟೋರ್ ಸಹಾಯಕರು ಸಹಿ ಹಾಕುವ ಮೊದಲು ಆವರಣದೊಳಗಿನ ಆ ಕೊನೆಯ ಸಾಲನ್ನು ಎರಡು ಸಲ ಓದಿದರು. ‘ಒಪ್ಪಿದ್ದಕ್ಕೆ ಅಲ್ಲ ತಾನೇ?’ ಎಂದು ಕೇಳಿದರು. ಅಲ್ಲ ಎಂದೆವು. ಹಾಕಿದರು.

ಆಮೇಲೆ

ಪತ್ರ ಕೊಟ್ಟು ಮರೆತುಬಿಟ್ಟರೆ ಅದು ಸುಮ್ನೆ ಒಂದು ಕಾಗದ. ಏಪ್ರಿಲ್ 29 ಎಂದು ಬರೆದಿದ್ದರೆ ಅವತ್ತು ಕೂರಲೇಬೇಕು. ನೀವೇ ಆ ತಾರೀಖು ತಪ್ಪಿಸಿದರೆ ಸಮಯದ ಬಗ್ಗೆ ಅವರಿಗೆ ಏನು ಹೇಳುತ್ತೀರಿ? ನಾವು ಹದಿನೈದು ನಿಮಿಷ ಕೂತೆವು. ಹಾಜರಿ ಪಟ್ಟಿ ಮುಂದಿಟ್ಟೆವು. ಎಂಟು ಸಲ ಅವರು ಶನಿವಾರವೇ ಹೇಳಿ 9:30ಕ್ಕೆ ಬಂದಿದ್ದರು, ಒಂದು ದಿನವೂ ತಡ ಇರಲಿಲ್ಲ. ಅದನ್ನೂ ಎರಡು ಸಾಲು ಬರೆದು ಕೊಟ್ಟೆವು. ತಪ್ಪಿದ್ದನ್ನು ಕಾಗದದ ಮೇಲೆ ಬರೆದವರು ಸರಿಹೋದದ್ದನ್ನು ಬರೀ ಬಾಯಲ್ಲಿ ಹೇಳಿದರೆ ಸಾಲದು.

ಜೂನ್‌ನಲ್ಲಿ ಒಂದು ದಿನ 9:50ಕ್ಕೆ ಬಂದರು. ಆದರೆ ಅವತ್ತು 8:20ಕ್ಕೇ ಮೇಲ್ವಿಚಾರಕರಿಗೆ ಫೋನ್ ಬಂದಿತ್ತು, ಮಗುವಿಗೆ ಜ್ವರ ಎಂದು. ಜೊತೆಯವರು 9ಕ್ಕೆ ಬೀಗ ತೆಗೆದಿದ್ದರು. ಪತ್ರದಲ್ಲಿ ಕೇಳಿದ್ದನ್ನೇ ಅವರು ಮಾಡಿದ್ದರು, ಹಾಗಾಗಿ ಅದನ್ನು ತಪ್ಪು ಎಂದು ಎಣಿಸಲಿಲ್ಲ. ಜೂನ್ 27ಕ್ಕೆ ಅವಧಿ ಮುಗಿಯಿತು. 30ಕ್ಕೆ, ಸೋಮವಾರ, ‘ಮಾರ್ಚ್ 27ರ ಎಚ್ಚರಿಕೆಯ ಅವಧಿ ಮುಗಿದಿದೆ, ನಿರೀಕ್ಷೆಗಳು ಪಾಲನೆಯಾಗಿವೆ, ಸೋಮವಾರ ಮತ್ತು ಗುರುವಾರದ ವ್ಯವಸ್ಥೆ ಮುಂದುವರಿಯುತ್ತದೆ’ ಎಂದು ಬರೆದು ಒಂದು ಪ್ರತಿ ಕೊಟ್ಟೆವು. ಅವತ್ತು ಅವರು ಬಂದದ್ದು 9:30ಕ್ಕೆ. ಶನಿವಾರವೇ ಹೇಳಿದ್ದರು.